ಮೂವರಿಗೆ ಮೂರು ಉತ್ತರ: ತೆರಿಗೆ ಮರುವರ್ಷ ಕಟ್ಟಿದರೆ ಎನ್‌ಪಿವಿ ಎಷ್ಟು ಬದಲಾಗುತ್ತದೆ?

ವಿದ್ಯಾನಗರದ ಲೆಕ್ಕದ ಹುಡುಗಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಅಕ್ಕಿ ವ್ಯಾಪಾರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಬ್ರಿಟನ್ ಮೂಲದ ಅಕೌಂಟೆನ್ಸಿ ಪರೀಕ್ಷೆಗೆ ಓದುತ್ತೇನೆ. ಒಂದು ಲೆಕ್ಕ ಮೂರು ದಿನದಿಂದ ತಲೆ ತಿನ್ನುತ್ತಿದೆ.

10 ಲಕ್ಷ ರೂಪಾಯಿಯ ಯಂತ್ರ. ನಾಲ್ಕು ವರ್ಷ ನಡೆಯುತ್ತದೆ, ಆಮೇಲೆ ಗುಜರಿ ಬೆಲೆಯೂ ಇಲ್ಲ. ವರ್ಷಕ್ಕೆ 4 ಲಕ್ಷ ನಗದು ತರುತ್ತದೆ. ಸವಕಳಿ ವರ್ಷಕ್ಕೆ ಎರಡೂವರೆ ಲಕ್ಷ, ತೆರಿಗೆ ಶೇ. 30, ಡಿಸ್ಕೌಂಟ್ ದರ ಶೇ. 12. ಕೊನೆಯಲ್ಲಿ ಒಂದೇ ಸಾಲು: ‘ಲಾಭ ಬಂದ ವರ್ಷದ ತೆರಿಗೆಯನ್ನು ಮರುವರ್ಷ ಪಾವತಿಸಲಾಗುತ್ತದೆ.’

ತೆರಿಗೆಗೆ ಒಳಪಡುವ ಲಾಭ ಒಂದೂವರೆ ಲಕ್ಷ, ಅದರ ಮೇಲೆ ವರ್ಷಕ್ಕೆ 45,000 ತೆರಿಗೆ. ಇಲ್ಲಿಯವರೆಗೆ ತಕರಾರಿಲ್ಲ. ಮುಂದೆ ಬರುವ ಹಣವನ್ನೆಲ್ಲ ಇಂದಿನ ಬೆಲೆಗೆ ಇಳಿಸಿ ಯಂತ್ರದ ಬೆಲೆ ಕಳೆದರೆ ಉಳಿಯುವ ಮೊತ್ತ, ಅಂದರೆ ಎನ್‌ಪಿವಿ, ನನಗೆ ಬಂದದ್ದು 1,18,438. ಜೊತೆಗೆ ಓದುವ ಗೆಳತಿಗೆ 78,259. ಉತ್ತರದ ಪುಸ್ತಕದಲ್ಲಿ 92,904. ಇಬ್ಬರೂ ತೆರಿಗೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದೇವೆ ಎಂದು ಆಣೆ ಮಾಡಿ ಹೇಳುತ್ತೇವೆ. ಹಾಗಾದರೆ ತಪ್ಪಿದ್ದೆಲ್ಲಿ?

ಚಳ್ಳಕೆರೆ ಗಾಣ

ನಿಮ್ಮ ಗೆಳತಿಯ ಲೆಕ್ಕ ನೋಡಿದ ತಕ್ಷಣ ಗೊತ್ತಾಗುತ್ತದೆ. 4 ಲಕ್ಷದಲ್ಲಿ 45,000 ಕಳೆದರೆ 3,55,000. ವರ್ಷಕ್ಕೊಂದು ರೂಪಾಯಿಯಂತೆ ನಾಲ್ಕು ವರ್ಷ ಬರುವುದರ ಇಂದಿನ ಬೆಲೆ, ಅಂದರೆ ಶೇ. 12ರ ಗುಣಕ, 3.0373. ಗುಣಿಸಿ 10 ಲಕ್ಷ ಕಳೆದರೆ 78 ಸಾವಿರ ಚಿಲ್ಲರೆ. ಅಂದರೆ ಅವರು ತೆರಿಗೆಯನ್ನು ಅದೇ ವರ್ಷ ಕಟ್ಟಿಬಿಟ್ಟಿದ್ದಾರೆ, ಮುಂದಕ್ಕೆ ಹಾಕಿಯೇ ಇಲ್ಲ. ಆಣೆ ನಂಬಬೇಡಿ.

ಇನ್ನೊಂದು ಮಾತು. ನಾನು ಎಣ್ಣೆ ಮಿಲ್ಲಿನವನು, ಪರೀಕ್ಷೆ ಬರೆದವನಲ್ಲ. ತೆರಿಗೆ ತಡವಾಗಿ ಕಟ್ಟುವುದರಿಂದ ಯಾವಾಗಲೂ ಲಾಭವೇ. ಹಾಗಾಗಿ ಆ ತಡವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಎನ್‌ಪಿವಿ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ. ಕಡಿಮೆ ಅಂದಾಜಿನಿಂದ ಯಾರೂ ಮುಳುಗಿಲ್ಲ. ಇಷ್ಟಕ್ಕೆ ಮೂರು ದಿನ ನಿದ್ದೆ ಕೆಡಿಸಿಕೊಳ್ಳುವುದು ಬೇಡ ತಂಗಿ.

ಹಳೇ ಬ್ಯಾಂಕಿನವರು

ಗಾಣದವರ ಮಾತು ಅರ್ಧ ಸರಿ, ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ. ಚಿತ್ರದುರ್ಗದಲ್ಲಿ ಬಹಳ ವರ್ಷ ಯೋಜನಾ ಸಾಲದ ಕಡತಗಳನ್ನು ಪರಿಶೀಲಿಸಿದವನು ನಾನು. ಮೊದಲು ನಿಮ್ಮ ಲೆಕ್ಕ, ಮಗಳೇ.

ನಿಮ್ಮ ಪಟ್ಟಿಯಲ್ಲಿ ಎಷ್ಟು ಅಂಕಣಗಳಿವೆ? ಸೊನ್ನೆಯಿಂದ ನಾಲ್ಕರವರೆಗೆ ಎಂದು ನನ್ನ ಊಹೆ. ಯಂತ್ರ ನಾಲ್ಕನೇ ವರ್ಷಕ್ಕೆ ನಿಂತಿತು, ಪಟ್ಟಿಯೂ ಅಲ್ಲಿಗೇ ನಿಂತಿತು. ಆದರೆ ನಾಲ್ಕನೇ ವರ್ಷದ ಲಾಭಕ್ಕೆ ತೆರಿಗೆ ಕಟ್ಟುವುದು ಐದನೇ ವರ್ಷದಲ್ಲಿ. ಆ 45,000ವನ್ನು ನೀವು ಕಟ್ಟಿಯೇ ಇಲ್ಲ. 45,000ವನ್ನು 1.12ರ ಐದನೇ ಘಾತದಿಂದ, ಅಂದರೆ 1.7623ರಿಂದ ಭಾಗಿಸಿದರೆ 25,534. ನಿಮ್ಮ 1,18,438ರಲ್ಲಿ ಅದನ್ನು ಕಳೆಯಿರಿ.

ವಿದ್ಯಾನಗರದ ಲೆಕ್ಕದ ಹುಡುಗಿ

92,904! ಸರಿಯಾಗಿ ಕುಳಿತಿತು ಸರ್. ಯಂತ್ರವೇ ಇಲ್ಲದ ವರ್ಷಕ್ಕೆ ಅಂಕಣ ಬೇಕು ಎಂದು ಹೊಳೆಯಲೇ ಇಲ್ಲ.

ಹಳೇ ಬ್ಯಾಂಕಿನವರು

ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಇದನ್ನು ಹಿಡಿಯುವ ಉಪಾಯ ಸುಲಭ. ಡಿಸ್ಕೌಂಟ್ ಮಾಡುವ ಮೊದಲು ತೆರಿಗೆಯ ಸಾಲನ್ನು ಸುಮ್ಮನೆ ಕೂಡಿ ನೋಡಿ. ತಡ ಇರಲಿ, ಇಲ್ಲದಿರಲಿ, ಒಟ್ಟು ತೆರಿಗೆ 1,80,000 ಬರಲೇಬೇಕು. ಬದಲಾಗುವುದು ಕಟ್ಟುವ ದಿನ, ಮೊತ್ತವಲ್ಲ. ನಿಮ್ಮದರಲ್ಲಿ 1,35,000 ಬಂದಿರುತ್ತದೆ.

ಇನ್ನೊಂದು ಅಡ್ಡದಾರಿಯೂ ಇದೆ. ಎಲ್ಲ ತೆರಿಗೆಯೂ ಒಂದೇ ವರ್ಷ ಮುಂದಕ್ಕೆ ಹೋಗುವುದರಿಂದ ತೆರಿಗೆಯ ಇಂದಿನ ಬೆಲೆಯನ್ನು ಇಡಿಯಾಗಿ 1.12ರಿಂದ ಭಾಗಿಸಿದರೆ ಸಾಕು. ತಡವಿಲ್ಲದಾಗ ಅದು 1,36,681. ಭಾಗಿಸಿದರೆ 1,22,036. ವ್ಯತ್ಯಾಸ 14,645. ಗೆಳತಿಯ 78,259ಕ್ಕೂ ಪುಸ್ತಕದ 92,904ಕ್ಕೂ ನಡುವೆ ಇರುವುದು ಇದೇ 14,645. ಇಡೀ ‘ತಡ’ದ ಬೆಲೆ ಅಷ್ಟು.

ಎರಡನೇ ಬೆಂಚು

ಆಣೆ ನಂಬಬೇಡಿ ಎಂದಿರಲ್ಲ, ಆ ಗೆಳತಿ ನಾನೇ. ನಾನು ಕಂಪ್ಯೂಟರ್ ಹಾಳೆಯಲ್ಲಿ ಮಾಡಿದ್ದು. ಎರಡನೇ ಸಾಲಿನಲ್ಲಿ ನಗದು, ಮೂರನೇ ಸಾಲಿನಲ್ಲಿ ತೆರಿಗೆ. ತೆರಿಗೆ ಒಂದನೇ ವರ್ಷ ಇಲ್ಲ, ಎರಡರಿಂದ ಐದನೇ ವರ್ಷದವರೆಗೆ 45,000. ಐದನೇ ಅಂಕಣವೂ ಇದೆ, ಒಟ್ಟು 1,80,000 ಸರಿಯಾಗಿ ಬರುತ್ತದೆ. ಸೂತ್ರ ಹೀಗಿದೆ:

```
=NPV(12%,B2:F2)-NPV(12%,B3:F3)-1000000
```

ಉತ್ತರ 78,259. ಈಗ ಹೇಳಿ, ತಡ ಎಲ್ಲಿ ಬಿಟ್ಟಿದ್ದೇನೆ?

ಚಳ್ಳಕೆರೆ ಗಾಣ

ತಪ್ಪಾಯಿತು ತಾಯಿ. ಆದರೆ ಸೂತ್ರ ಸರಿಯಾಗಿಯೇ ಕಾಣುತ್ತಿದೆಯಲ್ಲ?

ಲೆಕ್ಕಪರಿಶೋಧಕಿ, ದುರ್ಗ

B3 ಮನೆಯಲ್ಲಿ ಏನಿದೆ? ಸೊನ್ನೆಯೋ, ಖಾಲಿಯೋ?

ಎರಡನೇ ಬೆಂಚು

ಖಾಲಿ. ಮೊದಲ ವರ್ಷ ತೆರಿಗೆ ಇಲ್ಲವಲ್ಲ ಮೇಡಂ, ಏನು ಬರೆಯುವುದು?

ಲೆಕ್ಕಪರಿಶೋಧಕಿ, ದುರ್ಗ

ಸೊನ್ನೆ ಬರೆಯಬೇಕು. ಎಕ್ಸೆಲ್‌ನ NPV ಖಾಲಿ ಮನೆಯನ್ನು ‘ಸೊನ್ನೆ ರೂಪಾಯಿ’ ಎಂದು ಓದುವುದಿಲ್ಲ, ಅಲ್ಲಿ ಮನೆಯೇ ಇಲ್ಲ ಎಂದುಕೊಂಡು ದಾಟಿಬಿಡುತ್ತದೆ. ಅದಕ್ಕೆ ಸಿಕ್ಕಿದ್ದು ನಾಲ್ಕು ಅಂಕಿಗಳು. C3ರಲ್ಲಿರುವುದನ್ನು ಒಂದನೇ ವರ್ಷದ್ದು, D3ರಲ್ಲಿರುವುದನ್ನು ಎರಡನೇ ವರ್ಷದ್ದು ಎಂದು ಎಣಿಸಿಕೊಂಡು ಹೋಗಿದೆ. ನೀವು ಕೈಯಾರೆ ಮುಂದಕ್ಕೆ ತಳ್ಳಿದ ತೆರಿಗೆಯನ್ನು ಅದು ಸದ್ದಿಲ್ಲದೆ ಹಿಂದಕ್ಕೆ ಎಳೆದುಕೊಂಡಿದೆ. F2 ಕೂಡ ಖಾಲಿ ಇರಬಹುದು, ಆದರೆ ಅದು ಸಾಲಿನ ಕೊನೆ. ಅದರ ಹಿಂದೆ ಎಳೆದುಕೊಳ್ಳಲು ಏನೂ ಇಲ್ಲ, ಆದ್ದರಿಂದ ತೊಂದರೆ ಇಲ್ಲ.

ನಮ್ಮ ಕಚೇರಿಗೆ ಬರುವ ಯೋಜನಾ ವರದಿಗಳಲ್ಲಿ ಈ ತಪ್ಪನ್ನು ನೋಡಿದ್ದೇನೆ. ಒಟ್ಟು ಕೂಡಿದರೆ ಸರಿ, ಕಣ್ಣಿಗೆ ಪಟ್ಟಿ ಸರಿ, ಉತ್ತರ ಮಾತ್ರ ತಡವೇ ಇಲ್ಲದಂತೆ. ಬ್ಯಾಂಕಿನವರು ಹೇಳಿದ ಕೂಡಿ ನೋಡುವ ಉಪಾಯಕ್ಕೆ ಇದು ಸಿಕ್ಕುವುದಿಲ್ಲ. ವರ್ಷವಾರು ನಗದಿನಲ್ಲಿ ತೆರಿಗೆ ಕಳೆದು ನಿವ್ವಳದ ಒಂದೇ ಸಾಲು ಮಾಡಿ, ಅದಕ್ಕೆ ಒಂದೇ NPV ಹಾಕಿದರೆ ಈ ಗುಂಡಿಗೆ ಬೀಳುವುದೇ ಇಲ್ಲ.

ಎರಡನೇ ಬೆಂಚು

ಸೊನ್ನೆ ಹಾಕಿದೆ. 92,903. ಪುಸ್ತಕಕ್ಕಿಂತ ಒಂದು ರೂಪಾಯಿ ಕಡಿಮೆ, ಅದು ದಶಾಂಶದ ವ್ಯತ್ಯಾಸ. ಒಂದು ಸೊನ್ನೆಗೆ 14,644 ರೂಪಾಯಿ!

ಚನ್ನಗಿರಿ ತೋಟದವನು

ನನ್ನದೂ ಇದೇ ಪ್ರಶ್ನೆ. ತೋಟದ ಜೊತೆಗೆ ಅಡಿಕೆ ಕಮಿಷನ್ ವ್ಯಾಪಾರವೂ ಇದೆ. ಹಿಂದಿನ ವರ್ಷದ ತೆರಿಗೆಯನ್ನು ಈ ವರ್ಷ ಕಟ್ಟಿದೆ. ಬಡ್ಡಿ ಸೇರಿಸಿ ಕಟ್ಟಿ ಎಂದು ಲೆಕ್ಕ ಬಂದಿದೆ. ನೀವೆಲ್ಲ ತಡವಾಗಿ ಕಟ್ಟಿದರೆ ಲಾಭ ಎನ್ನುತ್ತಿದ್ದೀರಿ. ನನಗೆ ನಷ್ಟವೇ ಆಗಿದೆಯಲ್ಲ? ಆ ಸೊನ್ನೆಯನ್ನು ನಾನು ಎಲ್ಲಿ ಹಾಕಬೇಕು?

ಲೆಕ್ಕಪರಿಶೋಧಕಿ, ದುರ್ಗ

ಅಣ್ಣ, ನಿಮ್ಮದು ಬಾಕಿ, ಅವರದು ಪ್ರಶ್ನೆಪತ್ರಿಕೆಯ ಕರಾರು. ಎರಡೂ ಬೇರೆ. ಆದರೂ ನೀವು ಕೇಳಿದ್ದು ಒಳ್ಳೆಯದಾಯಿತು, ಇಷ್ಟು ಹೊತ್ತು ಇದನ್ನು ಯಾರೂ ಎತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ಸಣ್ಣ ಕಂಪನಿ ತನ್ನ ಲೆಕ್ಕದ ವರ್ಷ ಮುಗಿದು ಒಂಬತ್ತು ತಿಂಗಳು ಒಂದು ದಿನಕ್ಕೆ ತೆರಿಗೆ ಕಟ್ಟಿದರೆ ಸಾಕು. ದೊಡ್ಡ ಲಾಭದವರಿಗೆ ಕಂತುಗಳಿವೆ. ವರ್ಷಕ್ಕೊಂದು ಅಂಕಣ ಹಾಕುವ ಲೆಕ್ಕದಲ್ಲಿ ಆ ಒಂಬತ್ತು ತಿಂಗಳು ‘ಮರುವರ್ಷ’ ಆಗುತ್ತದೆ. ಪರೀಕ್ಷೆಯ ಸಾಲಿನ ಹಿನ್ನೆಲೆ ಇದು.

ನಮ್ಮಲ್ಲಿ ಹಾಗಿಲ್ಲ. ವರ್ಷದ ತೆರಿಗೆ 10,000 ಅಥವಾ ಅದಕ್ಕಿಂತ ಹೆಚ್ಚಾದರೆ ಮುಂಗಡ ತೆರಿಗೆ ಬರುತ್ತದೆ. ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ. 45, ಡಿಸೆಂಬರ್ 15ರೊಳಗೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ. ಲಾಭ ಗಳಿಸುತ್ತಿರುವ ವರ್ಷದಲ್ಲೇ ತೆರಿಗೆ ಹೊರಟುಹೋಗುತ್ತದೆ. ದಾವಣಗೆರೆಯ ಯಂತ್ರಕ್ಕೆ ಎನ್‌ಪಿವಿ ಬರೆಯುವಾಗ ಗೆಳತಿಯ ‘ತಪ್ಪು’ ಉತ್ತರವೇ ವಾಸ್ತವಕ್ಕೆ ಹತ್ತಿರ.

ಇನ್ನು ಬೇಕೆಂದೇ ವರ್ಷ ತಡ ಮಾಡಿದರೆ? ಅದೇ 45,000 ತೆಗೆದುಕೊಳ್ಳೋಣ. ಮುಂಗಡವಾಗಿ ಒಂದು ರೂಪಾಯಿಯನ್ನೂ ಕಟ್ಟದೆ ಮರುವರ್ಷದ ಮಾರ್ಚ್‌ನಲ್ಲಿ ಕಟ್ಟಿದಿರಿ ಎಂದುಕೊಳ್ಳಿ. ತಿಂಗಳಿಗೆ ಶೇ. 1ರಂತೆ ಹನ್ನೆರಡು ತಿಂಗಳಿಗೆ 5,400. ನಾಲ್ಕು ಕಂತು ತಪ್ಪಿದ್ದಕ್ಕೆ ಬೇರೆ ಬಡ್ಡಿ ಸುಮಾರು 2,270. ಒಟ್ಟು 7,670ರ ಹತ್ತಿರ. ರಿಟರ್ನ್ ಗಡುವು ದಾಟಿದ್ದಕ್ಕೆ ಬೀಳುವುದನ್ನು ನಾನು ಸೇರಿಸಿಯೇ ಇಲ್ಲ. ಶೇ. 12ರಂತೆ ಆ ಹಣ ನಿಮ್ಮಲ್ಲಿ ದುಡಿದದ್ದು 5,400 ಮಾತ್ರ. ಮೇಲಾಗಿ ಈ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸುವಂತಿಲ್ಲ, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ, ಅಂದರೆ ಓಡಿ, ಬಡ್ಡಿಯನ್ನು ತೋರಿಸಬಹುದು. ತೆರಿಗೆಗೆ ಹಣವಿಲ್ಲದಿದ್ದರೆ ಓಡಿ ತೆಗೆದು ಕಟ್ಟುವುದೇ ವಾಸಿ.

ಚನ್ನಗಿರಿ ತೋಟದವನು

ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲವೆಂದು ಕಮಿಷನ್ನನ್ನೂ ಅದರಲ್ಲೇ ಸೇರಿಸಿಕೊಂಡು ಕೂತಿದ್ದೆ. ಕೊನೆಗೆ ಆಡಿಟರ್ ಬೇರೆ ಮಾಡಿಸಿದರು. ಇರಲಿ, ಈಗ ಅರ್ಥವಾಯಿತು.

ಜೋಗಿಮಟ್ಟಿ ಗಾಳಿ

ಗಾಣದ ಅಣ್ಣ ತಡವಾದರೆ ‘ಯಾವಾಗಲೂ ಲಾಭವೇ’ ಎಂದದ್ದಕ್ಕೆ ನಮ್ಮ ಮನೆಯ ಕಥೆ ಹೇಳುತ್ತೇನೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಳುತ್ತಿದ್ದ ಕಾಲದಲ್ಲಿ ನಮ್ಮ ಮಾವನೂ ಒಂದರಲ್ಲಿ ಹಣ ಹಾಕಿದರು. ಗಾಳಿ ಎಷ್ಟು ಬೀಸುತ್ತದೆ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಅವರು ಕೇಳಿದ್ದು ಒಂದೇ, ಮಾರ್ಚ್ 31ರೊಳಗೆ ತಿರುಗುತ್ತದೆಯೇ ಎಂದು. ಆಗ ಗಾಳಿಯಂತ್ರಕ್ಕೆ ಶೇ. 80 ಸವಕಳಿ ಇತ್ತು. ಅವರ ಇನ್ನೊಂದು ವ್ಯಾಪಾರದಲ್ಲಿ ಲಾಭ ಚೆನ್ನಾಗಿತ್ತು, ಈ ಸವಕಳಿಯನ್ನು ಆ ಲಾಭದಲ್ಲಿ ಕಳೆದುಕೊಂಡರು.

ಬ್ಯಾಂಕಿನ ಹಿರಿಯರೇ, ಇಂಥದರಲ್ಲಿ ತಡವಾದರೆ ಏನಾಗುತ್ತದೆ? ಇಲ್ಲಿ ತೆರಿಗೆ ಕಟ್ಟುವುದಲ್ಲ, ಉಳಿಯುವುದು.

ಹಳೇ ಬ್ಯಾಂಕಿನವರು

ನಾನು ಬಾಕಿ ಇಟ್ಟಿದ್ದ ಅರ್ಧ ಇದೇ. ಲೆಕ್ಕಕ್ಕೆ 1 ಕೋಟಿಯ ಯಂತ್ರ ಎಂದುಕೊಳ್ಳಿ. ಮೊದಲ ವರ್ಷ 80 ಲಕ್ಷ ಸವಕಳಿ. ಅದರ ಶೇ. 30 ಎಂದರೆ 24 ಲಕ್ಷ ತೆರಿಗೆ ಉಳಿತಾಯ. ಅದೇ ವರ್ಷದ ಕೊನೆಗೆ ಕೈಗೆ ಬಂದರೆ ಶೇ. 12ರಲ್ಲಿ ಇಂದಿನ ಬೆಲೆ 21.43 ಲಕ್ಷ. ಒಂದು ವರ್ಷ ತಡವಾಗಿ ಬಂದರೆ 19.13 ಲಕ್ಷ. ತಡ ಇಲ್ಲಿ 2.30 ಲಕ್ಷವನ್ನು ತಿಂದುಹಾಕಿತು.

ತಡ ಎನ್ನುವುದು ತೆರಿಗೆಯ ಸಾಲನ್ನು ಇಡಿಯಾಗಿ ಹಗುರ ಮಾಡುತ್ತದೆ. ಆ ಸಾಲಿನಲ್ಲಿ ಇರುವುದು ಭಾರವಾದರೆ ನಿಮಗೆ ಒಳಿತು, ಆಸರೆಯಾದರೆ ನಷ್ಟ. ಆಮೇಲಿನ ವರ್ಷಗಳಲ್ಲಿ ವಿದ್ಯುತ್ ಮಾರಿದ ಹಣಕ್ಕೆ ಕಟ್ಟುವ ತೆರಿಗೆಯೂ ತಡವಾಗುತ್ತದೆ, ಅದು ಅನುಕೂಲ. ಆದರೆ ಸವಕಳಿಯ ರಾಶಿ ಮೊದಲಿಗೇ ಬಿದ್ದಿರುವುದರಿಂದ ಯಾವುದು ಗೆಲ್ಲುತ್ತದೆ ಎಂಬುದು ಯೋಜನೆಯಿಂದ ಯೋಜನೆಗೆ ಬೇರೆ. ಇಂಥದ್ದಕ್ಕೆ ‘ತಡ ಬಿಟ್ಟು ಲೆಕ್ಕ ಹಾಕಿದರೆ ಕಡಿಮೆ ಅಂದಾಜು’ ಎಂದರೆ ಉಲ್ಟಾ ಆಗಬಹುದು, ಹೆಚ್ಚಿನ ಅಂದಾಜು ಮಾಡಿ ಕೂತಿರುತ್ತೀರಿ.

ಚಳ್ಳಕೆರೆ ಗಾಣ

ಒಪ್ಪಿದೆ. ನನ್ನ ಮಿಲ್ಲಿಗೆ ಸವಕಳಿ ಶೇ. 15, ಮೊದಲ ವರ್ಷವೇ ಲಾಭ ಅದನ್ನು ಮೀರುತ್ತದೆ. ಅಷ್ಟನ್ನು ಮಾತ್ರ ನೋಡಿ ಮಾತಾಡಿಬಿಟ್ಟೆ.

ಲೆಕ್ಕಪರಿಶೋಧಕಿ, ದುರ್ಗ

ಗಾಳಿಯ ತಮ್ಮನಿಗೆ ಒಂದು ಸೇರ್ಪಡೆ. 2017ರ ಏಪ್ರಿಲ್‌ನಿಂದ ಆ ದರ ಶೇ. 40ಕ್ಕೆ ಇಳಿದಿದೆ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರಲ್ಲೂ ಅರ್ಧ ಮಾತ್ರ. ನಿಮ್ಮ ಮಾವ ಮಾರ್ಚ್‌ನಲ್ಲಿ ತಿರುಗಿಸಿದ್ದರೆ ಅವರಿಗೂ ಮೊದಲ ವರ್ಷ ಅರ್ಧವೇ ಸಿಕ್ಕಿರಬೇಕು. ಸೆಪ್ಟೆಂಬರ್ ಒಳಗೆ ಮುಗಿಸಲು ಜನ ಓಡಾಡುವುದು ಅದಕ್ಕೇ.

ಜೋಗಿಮಟ್ಟಿ ಗಾಳಿ

ಹೌದು, ಆ ಅರ್ಧದ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಗಿತ್ತು. ಈಗ ಕಾರಣ ತಿಳಿಯಿತು.

ಮಂಡಕ್ಕಿ ಭಟ್ಟಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಹುರಿಯುವುದಕ್ಕೆ ಹೊಸ ಯಂತ್ರ ನೋಡಿದ್ದೇನೆ, ಅದೂ 10 ಲಕ್ಷದ ಆಸುಪಾಸು. ಮಾರಾಟ ಹೆಚ್ಚುವುದಿಲ್ಲ, ಆದರೆ ಹೊಟ್ಟು ಮತ್ತು ಕೂಲಿಯಲ್ಲಿ ವರ್ಷಕ್ಕೆ 4 ಲಕ್ಷ ಉಳಿಯುತ್ತದೆ ಎಂದು ಮಾರುವವನು ಹೇಳುತ್ತಾನೆ. ವಹಿವಾಟು 2 ಕೋಟಿಯೊಳಗೆ. ತೆರಿಗೆಯನ್ನು ವಹಿವಾಟಿನ ಮೇಲೆ ಶೇಕಡಾವಾರು ಲಾಭ ತೋರಿಸಿ ಕಟ್ಟುತ್ತೇವೆ. ನಾನು ಯಾವ ಉತ್ತರ ಹಿಡಿಯಲಿ? 78 ಸಾವಿರವೋ, 92 ಸಾವಿರವೋ?

ಲೆಕ್ಕಪರಿಶೋಧಕಿ, ದುರ್ಗ

ಎರಡೂ ಅಲ್ಲ! ನೀವು ಅಂದಾಜು ಆದಾಯದ ಪದ್ಧತಿಯಲ್ಲಿದ್ದೀರಿ. ವಹಿವಾಟಿನ ಶೇ. 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ. 6, ಕನಿಷ್ಠ ಅಷ್ಟು ಲಾಭವೆಂದು ತೋರಿಸುತ್ತೀರಿ. ಆ ಪದ್ಧತಿಯಲ್ಲಿ ಸವಕಳಿಯನ್ನು ಆಗಲೇ ಕಳೆದಿದೆ ಎಂದೇ ಲೆಕ್ಕ, ಬೇರೆಯಾಗಿ ಕೇಳುವಂತಿಲ್ಲ. ಇತ್ತ ಮಾರಾಟ ಬದಲಾಗದಿದ್ದರೆ ಶೇಕಡಾವಾರು ಲಾಭವೂ ಬದಲಾಗುವುದಿಲ್ಲ. ಅಂದರೆ ಯಂತ್ರದಿಂದ ತೆರಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತೆರಿಗೆಯ ಸಾಲೇ ಇಲ್ಲದ ಮೇಲೆ ತಡದ ಮಾತೆಲ್ಲಿ? 4 ಲಕ್ಷಕ್ಕೆ 3.0373 ಗುಣಿಸಿ 10 ಲಕ್ಷ ಕಳೆಯಿರಿ, 2,14,940.

ಎರಡು ಎಚ್ಚರಿಕೆ ಇವೆ. ಶೇ. 8, ಶೇ. 6 ಎನ್ನುವುದು ಕನಿಷ್ಠ ಮಿತಿ. ನಿಜವಾದ ಲಾಭ ಅದಕ್ಕಿಂತ ಎಷ್ಟೋ ಹೆಚ್ಚಿದ್ದು, ಅದು ನಿಮ್ಮ ಪುಸ್ತಕದಲ್ಲೇ ಕಾಣುತ್ತಿದ್ದರೆ ಈ ಲೆಕ್ಕವನ್ನು ನೆಮ್ಮದಿಯಿಂದ ಹಿಡಿಯಬೇಡಿ, ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ. ಎರಡನೆಯದು, 4 ಲಕ್ಷ ಉಳಿಯುತ್ತದೆ ಎಂದವನು ಯಂತ್ರ ಮಾರುವವನು.

ಮಂಡಕ್ಕಿ ಭಟ್ಟಿ

ಆ ಎರಡನೆಯದು ನನಗೂ ಗೊತ್ತು ಮೇಡಂ. 3 ಲಕ್ಷ ಉಳಿದರೆ ಏನಾಗುತ್ತದೆ ಎಂದು ನಾನೇ ಗುಣಿಸಿ ನೋಡಿದೆ, 10 ಲಕ್ಷಕ್ಕೆ 89 ಸಾವಿರದಷ್ಟು ಕಡಿಮೆ ಬೀಳುತ್ತದೆ. ಯಂತ್ರ ಹಾಕಿಸಿಕೊಂಡಿರುವ ಭಟ್ಟಿಯವರ ಹೊಟ್ಟಿನ ಬಿಲ್ಲು ನೋಡಿದ ಮೇಲೆಯೇ ಮುಂಗಡ ಕೊಡುತ್ತೇನೆ.

ಹಳೇ ಬ್ಯಾಂಕಿನವರು

ಮೊದಲ ಲೆಕ್ಕಕ್ಕೆ ಮರಳಿ ಒಂದು ತಕರಾರು ಎತ್ತುತ್ತೇನೆ. ಉತ್ತರದ ಪುಸ್ತಕವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ.

ಯಂತ್ರ 4 ಲಕ್ಷ ತರುತ್ತದೋ ಇಲ್ಲವೋ, ಅದು ಗಂಡಾಂತರದ ಮಾತು. ಆ ಗಂಡಾಂತರಕ್ಕಾಗಿಯೇ ಶೇ. 12. ಆದರೆ ವರ್ಷ ಮುಗಿದು ಲಾಭ ಲೆಕ್ಕಕ್ಕೆ ಬಿದ್ದ ಮೇಲೆ 45,000 ತೆರಿಗೆ ಖಚಿತ. ಸರ್ಕಾರಕ್ಕೆ ಕೊಡಬೇಕಾದ ಸಾಲ ಅದು, ಮುಂದಿನ ವರ್ಷ ಮಳೆ ಬರಲಿ ಬರದಿರಲಿ ಕೊಡಲೇಬೇಕು. ಹಾಗಿದ್ದರೆ ಆ ಒಂದು ತಡದ ವರ್ಷಕ್ಕೆ ಶೇ. 12 ಏಕೆ? ಠೇವಣಿಯಂಥ ಭದ್ರ ದರ, ಶೇ. 7 ಎಂದುಕೊಳ್ಳಿ, ಹಾಕಬೇಕು. 1,36,681ನ್ನು 1.07ರಿಂದ ಭಾಗಿಸಿದರೆ ತಡದ ಲಾಭ 14,645 ಅಲ್ಲ, 8,942.

ಲೆಕ್ಕಪರಿಶೋಧಕಿ, ದುರ್ಗ

ತರ್ಕ ಸರಿ ಸರ್, ಆದರೆ ವ್ಯವಹಾರದಲ್ಲಿ ನಾನು ಒಪ್ಪುವುದಿಲ್ಲ. ಮಾಲೀಕ ಆ 45,000ವನ್ನು ಠೇವಣಿಯಲ್ಲಿ ಇಡುವುದಿಲ್ಲ, ವ್ಯಾಪಾರಕ್ಕೇ ಹಾಕುತ್ತಾನೆ. ಅವನಿಗೆ ಅದು ಓಡಿ ಬಡ್ಡಿಯನ್ನು ಉಳಿಸುತ್ತದೆ. ಶೇ. 7 ಏಕೆ ಎಂದು ಅವನೇ ಕೇಳುತ್ತಾನೆ.

ಹಳೇ ಬ್ಯಾಂಕಿನವರು

ಹಣ ಎಲ್ಲಿ ಹಾಕಿದ ಎಂಬುದು ಬೇರೆ ನಿರ್ಧಾರ, ಅದರ ಗಂಡಾಂತರವೂ ಬೇರೆ. ಅದನ್ನು ಈ ಯಂತ್ರದ ಖಾತೆಗೆ ಏಕೆ ಬರೆಯುತ್ತೀರಿ? ಓಡಿ ಬಡ್ಡಿ ಉಳಿಯುತ್ತದೆ ಎನ್ನುವುದಾದರೆ ಓಡಿ ದರವನ್ನೇ ಹಾಕಿ, ಅದರಲ್ಲಿ ಸಿಗುವ ತೆರಿಗೆ ಉಳಿತಾಯವನ್ನು ಕಳೆದು. ಆಗಲೂ ಶೇ. 12 ಬರುವುದಿಲ್ಲ.

ಲೆಕ್ಕಪರಿಶೋಧಕಿ, ದುರ್ಗ

ಓಡಿ ದರದ ಮಾತಿಗೆ ಬೇಕಾದರೆ ಒಪ್ಪುತ್ತೇನೆ, ಠೇವಣಿ ದರಕ್ಕೆ ಇಲ್ಲ.

ವಿದ್ಯಾನಗರದ ಲೆಕ್ಕದ ಹುಡುಗಿ

ಇಬ್ಬರೂ ದೊಡ್ಡವರು ಜಗಳ ಮುಗಿಸಿ ಹೇಳಿ, ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?

ಹಳೇ ಬ್ಯಾಂಕಿನವರು

92,904 ಬರೆಯಿರಿ. ಐದನೇ ಅಂಕಣ ಮರೆಯಬೇಡಿ. ಯಂತ್ರವನ್ನು ವರ್ಷದ ಮೊದಲ ದಿನ ಕೊಂಡರೋ, ಹಿಂದಿನ ವರ್ಷದ ಕೊನೆಯ ದಿನವೋ ಎಂದು ಪ್ರಶ್ನೆಯನ್ನು ಎರಡು ಸಲ ಓದಿ. ಕೊನೆಯ ದಿನವಾದರೆ ಮೊದಲ ಸವಕಳಿ ಆ ಹಿಂದಿನ ವರ್ಷಕ್ಕೇ ಸೇರುತ್ತದೆ, ಅದರ ತೆರಿಗೆ ಉಳಿತಾಯ ಎರಡನೇ ಅಂಕಣದ ಬದಲು ಒಂದನೇ ಅಂಕಣಕ್ಕೇ ಬರುತ್ತದೆ.

ಎರಡನೇ ಬೆಂಚು

ಹಾಗಾದರೆ ಆ ಲೆಕ್ಕದಲ್ಲಿ B3 ಖಾಲಿ ಇರುವುದೇ ಇಲ್ಲ!